ಚಿಕ್ಕಿಯ ಚಕ್ರಬಡ್ಡಿ ಎಲ್ಲಿ ಹೋಯಿತು?

ಮ್ಯೂಚುವಲ್ ಫಂಡ್ ಕೈಪಿಡಿಗಳನ್ನು ಕನ್ನಡಕ್ಕೆ ಮಾಡಿಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಶಿರಸಿಯವನು. ಇಲ್ಲಿಯ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತೇನೆ. ಮಳೆಗಾಲದಲ್ಲಿ ಪ್ರೆಸ್ಸಿಗೆ ಕೆಲಸ ಕಡಿಮೆ, ಮದುವೆ ಕಾಗದವೂ ಬರುವುದಿಲ್ಲ. ಆಗ ಸಿಕ್ಕಿದ ಅನುವಾದ ಮಾಡಿಕೊಡುತ್ತೇನೆ. ಹಾಗೆ ಒಂದು ಮಳೆಗಾಲದಲ್ಲಿ ಹದಿನಾರು ಪುಟದ ಒಂದು ಮ್ಯೂಚುವಲ್ ಫಂಡ್ ಕೈಪಿಡಿ ಬಂತು. ಜೊತೆಗೆ ಒಂದು ಪದಪಟ್ಟಿಯೂ ಬಂತು. ಇದರಲ್ಲಿದ್ದ ಪದಗಳನ್ನೇ ಬಳಸಿ, ನಿಮ್ಮದು ಸೇರಿಸಬೇಡಿ ಎಂದಿತ್ತು. ನಾನು ಹಾಗೇ ಮಾಡಿದೆ, ದುಡ್ಡೂ ತಗೊಂಡೆ. ಆದ್ದರಿಂದ ಈ ಪತ್ರದಲ್ಲಿ ಬೈಗುಳ ಏನಿದ್ದರೂ ಅರ್ಧ ನನ್ನ ಪಾಲಿಗೇ.

ಎರಡು ವರ್ಷ ಬಿಟ್ಟು ಬನವಾಸಿ ರಸ್ತೆಯ ಆಚೆ ಇರುವ ನನ್ನ ಚಿಕ್ಕಿ ಅದೇ ಕೈಪಿಡಿಯನ್ನು ಹಿಡಿದು ಮನೆಗೆ ಬಂದಳು. ಬೆಂಗಳೂರಿನಲ್ಲಿರುವ ಮಗ ಅವಳ ಹೆಸರಿನಲ್ಲಿ ತಿಂಗಳಿಗೆ 2000 ರೂಪಾಯಿಯ ಎಸ್‌ಐಪಿ ಶುರು ಮಾಡಿಸಿದ್ದ. ಹನ್ನೆರಡು ಕಂತಿಗೆ 24,000 ಹೋಗಿದೆ. ಲೆಕ್ಕದ ಕಾಗದದಲ್ಲಿ ಮಾತ್ರ 22,900 ಅಂತ ಇದೆ.

‘ತಮಾ, ಇದರಲ್ಲಿ ಚಕ್ರಬಡ್ಡಿ ಅಂತ ಬರೆದಿದ್ದಾರೆ. ಬಡ್ಡಿ ಹೋಗ್ಲಿ, ಅಸಲೇ ಕಡಿಮೆ ಆಗಿದೆಯಲ್ಲ, ಎಂತ ಇದು?’

ಇಂಗ್ಲಿಷಿನ ಕಾಂಪೌಂಡಿಂಗ್‌ಗೆ ಆ ಪದ ಬರೆದವನು ನಾನು. ಪುಟ 5, ಎರಡನೇ ಸಾಲು.

ಚಿಕ್ಕಿ ತಿಳಿಯದವಳಲ್ಲ. ಅಡಿಕೆ ವಿಕ್ರಿಯ ಪಟ್ಟಿಯಲ್ಲಿ ಚೀಲದ ತೂಕ ಎಷ್ಟು ಕಳೆದಿದ್ದಾರೆ, ಹಮಾಲಿ ಎಷ್ಟು ಹಿಡಿದಿದ್ದಾರೆ ಅಂತ ಪೈಸೆ ಪೈಸೆ ನೋಡುವವಳು. ಸೊಸೈಟಿಯ ಠೇವಣಿಗೆ ಬಡ್ಡಿ ಎಷ್ಟು ಬರಬೇಕು ಅಂತ ಬಾಯಿಯಲ್ಲೇ ಹೇಳುತ್ತಾಳೆ. ಅವಳಿಗೆ ಅರ್ಥವಾಗಲಿಲ್ಲ ಅಂದರೆ ತಪ್ಪು ಕೈಪಿಡಿಯದ್ದು. ಅವತ್ತು ಸಂಜೆ ಇಬ್ಬರೂ ಕೂತು ಅದನ್ನು ಓದಿದೆವು. ನನ್ನ ಕನ್ನಡ ಎಲ್ಲೆಲ್ಲಿ ಅವಳನ್ನು ದಾರಿ ತಪ್ಪಿಸಿತ್ತು ಅಂತ ಆಗ ತಿಳಿಯಿತು.

ಮೊದಲು ಎಸ್‌ಐಪಿ. ಪದಪಟ್ಟಿಯಲ್ಲಿ ಅದಕ್ಕೆ ‘ವ್ಯವಸ್ಥಿತ ಹೂಡಿಕೆ ಯೋಜನೆ’ ಎಂದಿತ್ತು. ಸ್ಕೀಮ್ ಎನ್ನುವುದಕ್ಕೂ ‘ಯೋಜನೆ’ ಎಂದೇ ಇತ್ತು. ಹಾಗಾಗಿ ನಾನು ‘ಈ ಯೋಜನೆಯಲ್ಲಿ ವ್ಯವಸ್ಥಿತ ಹೂಡಿಕೆ ಯೋಜನೆಯ ಮೂಲಕ’ ಅಂತೆಲ್ಲ ಬರೆದಿದ್ದೆ. ಓದಿದವರು ಎಸ್‌ಐಪಿ ಎಂದರೆ ಒಂದು ಸ್ಕೀಮು, ಅವಧಿ ಮುಗಿದಾಗ ಇಂತಿಷ್ಟು ಕೊಡುತ್ತಾರೆ ಅಂದುಕೊಳ್ಳುತ್ತಾರೆ. ನಮ್ಮ ಕಡೆ ಅದಕ್ಕೆ ಇನ್ನೊಂದು ಕಾರಣವೂ ಇದೆ. ಇಲ್ಲಿ ಎಲ್ಲರೂ ಪಿಗ್ಮಿ ಕಟ್ಟಿದವರು, ಆರ್.ಡಿ. ಕಟ್ಟಿದವರು. ಪಿಗ್ಮಿಯಂತೂ ಕರಾವಳಿಯದೇ ಕೂಸು, ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಶುರು ಮಾಡಿದ್ದು. ಆ ರೂಢಿಯಲ್ಲೇ ಜನ ‘ಎಸ್‌ಐಪಿ ಕಟ್ತಾ ಇದ್ದೇನೆ’ ಅನ್ನುತ್ತಾರೆ. ಕಟ್ಟಿದ್ದು ಎಂದರೆ ಅಲ್ಲಿ ಅಸಲಾಗಿ ಕೂತಿದೆ, ಅದಕ್ಕೆ ಬಡ್ಡಿ ಸೇರುತ್ತಿದೆ ಎಂಬ ಚಿತ್ರ ಮನಸ್ಸಿಗೆ ಬರುತ್ತದೆ.

ಎಸ್‌ಐಪಿಯಲ್ಲಿ ನಾವು ಕಟ್ಟುವುದಿಲ್ಲ, ಕೊಳ್ಳುತ್ತೇವೆ. ಪ್ರತಿ ತಿಂಗಳು ನಮ್ಮ ಖಾತೆಯಿಂದ ದುಡ್ಡು ಹೋಗುತ್ತದೆ. ಅದು ಫಂಡಿಗೆ ತಲುಪಿದ ದಿನದ ದರದಲ್ಲಿ ಎಷ್ಟು ಯೂನಿಟ್ ಬರುತ್ತದೋ ಅಷ್ಟು ನಮ್ಮ ಹೆಸರಿಗೆ ಬರೆಯುತ್ತಾರೆ. ಅಲ್ಲಿಗೆ ಆ ತಿಂಗಳ ವ್ಯವಹಾರ ಮುಗಿಯಿತು. ಒಂದು ಕಂತು ತಪ್ಪಿದರೆ ಫಂಡ್ ಕಂಪನಿ ದಂಡ ಹಾಕುವುದಿಲ್ಲ. ಆದರೆ ಖಾತೆಯಲ್ಲಿ ದುಡ್ಡಿಲ್ಲದೆ ಕಂತು ವಾಪಸಾದರೆ ಬ್ಯಾಂಕು ಶುಲ್ಕ ಹಿಡಿಯಬಹುದು. ಎಸ್‌ಐಪಿಯನ್ನು ನಡುವೆ ನಿಲ್ಲಿಸಿದರೂ ಕೊಂಡ ಯೂನಿಟ್ಟುಗಳು ಎಲ್ಲೂ ಹೋಗುವುದಿಲ್ಲ. ಆದ್ದರಿಂದ ನಾನೀಗ ‘ತಿಂಗಳ ಕಂತಿನ ಖರೀದಿ’ ಅಂತ ಬರೆಯುತ್ತೇನೆ. ಎಸ್‌ಐಪಿ ಎನ್ನುವ ಹೆಸರು ಇರಲಿ, ಅದು ಎಲ್ಲರ ಬಾಯಿಗೂ ಬಂದುಬಿಟ್ಟಿದೆ. ಆದರೆ ಅದರ ಪಕ್ಕ ‘ಕೊಳ್ಳು’ ಎನ್ನುವ ಕ್ರಿಯಾಪದ ಇರಲೇಬೇಕು. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಯೂನಿಟ್ಟಿಗೆ ಪದಪಟ್ಟಿ ಕೊಟ್ಟದ್ದು ‘ಘಟಕ’. ಶಿರಸಿಯಲ್ಲಿ ಘಟಕ ಅಂದರೆ ಬಸ್ ಡಿಪೋ. ಬಸ್ಸಿನ ಮೈಮೇಲೇ ಬರೆದಿರುತ್ತದೆ. ‘ನಿಮ್ಮ ಖಾತೆಗೆ 40 ಘಟಕಗಳನ್ನು ಹಂಚಲಾಗಿದೆ’ ಎಂದು ಓದಿ ಚಿಕ್ಕಿ ನಕ್ಕದ್ದೇ ನಕ್ಕದ್ದು. ‘ಷೇರು’ ಅಂತಲೂ ಹಾಕುವ ಹಾಗಿಲ್ಲ. ನಮ್ಮವರಿಗೆ ಷೇರು ಎಂದರೆ ಸೊಸೈಟಿಯ ಷೇರು. ನೂರು ರೂಪಾಯಿಗೆ ತಗೊಂಡದ್ದು ಹತ್ತು ವರ್ಷವಾದರೂ ನೂರೇ, ವರ್ಷಕ್ಕೊಮ್ಮೆ ಡಿವಿಡೆಂಡ್ ಅಷ್ಟೇ. ಸುಮ್ನೆ ಯೂನಿಟ್ ಅಂತಲೇ ಬಿಡಿ. ಕರೆಂಟು ಬಿಲ್ಲು ನೋಡಿದ ಯಾರಿಗೂ ಅದು ಹೊಸದಲ್ಲ: ಇಷ್ಟು ಯೂನಿಟ್ಟು, ಯೂನಿಟ್ಟಿಗೆ ಇಷ್ಟು ದರ, ಗುಣಿಸಿದರೆ ಇಷ್ಟು ದುಡ್ಡು.

ಆ ದರವೇ ಎನ್‌ಎವಿ. ‘ನಿವ್ವಳ ಆಸ್ತಿ ಮೌಲ್ಯ’ ಎನ್ನುವುದು ಅಕ್ಷರಕ್ಕೆ ಸರಿ. ಆದರೆ ಆಸ್ತಿ ಅಂದ ಕೂಡಲೇ ನಮಗೆ ತೋಟ, ಗದ್ದೆ, ಪಹಣಿ ನೆನಪಾಗುತ್ತದೆ. ‘ಯಾರ ಆಸ್ತಿ?’ ಅಂತ ಚಿಕ್ಕಿ ಕೇಳಿದ್ದು ನ್ಯಾಯವೇ. ನಿವ್ವಳ ಎನ್ನುವುದು ಮಾತ್ರ ಅವಳಿಗೆ ಕರಗತ, ಅಡಿಕೆ ಪಟ್ಟಿಯಿಂದ. ಹಾಗಾಗಿ ಅಡಿಕೆಯಿಂದಲೇ ಹೇಳಿದೆ. ಹತ್ತು ಮನೆಯವರು ಸೇರಿ ಒಂದು ಗೋದಾಮಿನಲ್ಲಿ ಅಡಿಕೆ ಇಟ್ಟಿದ್ದಾರೆ, ಒಟ್ಟು ನೂರು ಪಾಲು ಅಂತ ಇಟ್ಟುಕೊಳ್ಳೋಣ. ಇವತ್ತಿನ ಪೇಟೆ ದರದಲ್ಲಿ ಇಡೀ ರಾಶಿಗೆ ಎಷ್ಟಾಗುತ್ತದೆ ನೋಡು. ಅದರಲ್ಲಿ ಗೋದಾಮಿನ ಬಾಡಿಗೆ, ಆಳಿನ ಕೂಲಿ ಕಳೆ. ಉಳಿದದ್ದನ್ನು ನೂರರಿಂದ ಭಾಗಿಸು. ಅದು ಒಂದು ಪಾಲಿನ ಇವತ್ತಿನ ಬೆಲೆ. ಹೊಸಬರು ಸೇರಬೇಕಾದರೆ ಅದೇ ಬೆಲೆ ಕೊಟ್ಟು ಪಾಲು ಕೊಳ್ಳಬೇಕು, ಬಿಟ್ಟು ಹೋಗುವವರಿಗೂ ಅದೇ ಬೆಲೆ. ಫಂಡಿನಲ್ಲಿ ಅಡಿಕೆಯ ಬದಲು ಕಂಪನಿಗಳ ಷೇರು ಇರುತ್ತವೆ. ಈ ಲೆಕ್ಕವನ್ನು ವ್ಯವಹಾರದ ಪ್ರತಿ ದಿನವೂ ಮಾಡಿ ಪ್ರಕಟಿಸುತ್ತಾರೆ. ‘ಯೂನಿಟ್ಟಿನ ಇಂದಿನ ದರ’ ಎಂದರೆ ಸಾಕು, ಪಕ್ಕದಲ್ಲಿ ಎನ್‌ಎವಿ ಎಂದು ಬರೆದರಾಯಿತು.

ಇಷ್ಟು ಗೊತ್ತಾದರೆ ಒಂದು ದೊಡ್ಡ ತಪ್ಪು ತಾನಾಗಿ ನಿಲ್ಲುತ್ತದೆ. ಹೊಸ ಫಂಡು ಬಂದಾಗ ಯೂನಿಟ್ಟಿಗೆ 10 ರೂಪಾಯಿ ಇರುತ್ತದೆ. ‘ಅದು ಅಗ್ಗ, ಹಳೆಯದು 100 ರೂಪಾಯಿ, ದುಬಾರಿ’ ಅಂತ ಕುಮಟಾದಿಂದ ಕಾರವಾರದವರೆಗೆ ಎಷ್ಟೋ ಜನ ನಂಬಿದ್ದಾರೆ. ಹತ್ತು ಸಾವಿರ ಹಾಕಿದರೆ ಹೊಸದರಲ್ಲಿ 1000 ಯೂನಿಟ್, ಹಳೆಯದರಲ್ಲಿ 100. ಎರಡೂ ಫಂಡು ನೂರಕ್ಕೆ ಹತ್ತು ಏರಿದರೆ ಒಂದು ಕಡೆ 1000 ಸಲ 11, ಇನ್ನೊಂದು ಕಡೆ 100 ಸಲ 110. ಎರಡೂ 11,000. ಚಿಕ್ಕ ಚಿಕ್ಕ ಪಾಲಾಗಿ ಕತ್ತರಿಸಿದರೆ ಹಲಸಿನ ಹಣ್ಣು ಜಾಸ್ತಿ ಆಗುವುದಿಲ್ಲ.

ಆಮೇಲೆ ಚಿಕ್ಕಿಯ ಕಾಗದ ಬಿಡಿಸಿದೆ. ಮೊದಲ ತಿಂಗಳು 2000 ಹೋಗಿದೆ, ದರ 50 ಇದೆ, ಯೂನಿಟ್ 40 ಬರಬೇಕು. ಬಂದದ್ದು 39.998. ‘ಈ ಚೂರು ಎಲ್ಲಿ ಹೋಯಿತು?’ ಅಂತ ಅವಳ ಮೊದಲ ಪ್ರಶ್ನೆ. 2020ರ ಜುಲೈನಿಂದ ಯೂನಿಟ್ ಕೊಂಡಾಗಲೆಲ್ಲ ನೂರಕ್ಕೆ ಅರ್ಧ ಪೈಸೆಯಂತೆ ಸ್ಟ್ಯಾಂಪ್ ಸುಂಕ ಹೋಗುತ್ತದೆ. 2000ಕ್ಕೆ ಹತ್ತು ಪೈಸೆ. ಉಳಿದ 1999.90ಕ್ಕೆ 39.998 ಯೂನಿಟ್. ಲೆಕ್ಕ ಸರಿ ಬಂದದ್ದು ನೋಡಿ ಚಿಕ್ಕಿಗೆ ಕಾಗದದ ಮೇಲೆ ಸ್ವಲ್ಪ ಗೌರವ ಬಂತು. ಮುಂದೆ ಪೈಸೆ ಬಿಟ್ಟು ಲೆಕ್ಕ ಮಾಡೋಣ.

ಎರಡನೇ ತಿಂಗಳು ದರ 40ಕ್ಕೆ ಇಳಿದಿತ್ತು. ಅದೇ 2000ಕ್ಕೆ 50 ಯೂನಿಟ್ ಬಂತು. ಒಟ್ಟು 90 ಯೂನಿಟ್, ದರ 40, ಅಂದರೆ 3600 ರೂಪಾಯಿ. ಹೋದದ್ದು 4000. ಇಲ್ಲೇ ನೋಡಿ ‘ಅಸಲು ಕಡಿಮೆ ಆಗಿದ್ದು’. ಮೂರನೇ ತಿಂಗಳು ದರ ಮತ್ತೆ 50 ಆಗಿ 40 ಯೂನಿಟ್ ಬಂದರೆ ಒಟ್ಟು 130 ಯೂನಿಟ್. 50ರಂತೆ 6500. ಕೊಟ್ಟದ್ದು 6000. ಕೈಪಿಡಿಗಳಲ್ಲಿ ಇಲ್ಲಿಗೆ ಕತೆ ನಿಲ್ಲಿಸಿ ‘ಇಳಿದಾಗ ಹೆಚ್ಚು ಸಿಗುತ್ತದೆ’ ಅಂತ ಬೆನ್ನು ತಟ್ಟಿಕೊಳ್ಳುತ್ತಾರೆ. ಆದರೆ ಮೂರನೇ ತಿಂಗಳೂ ದರ 40ರಲ್ಲೇ ನಿಂತಿದ್ದರೆ? ಆಗ 140 ಯೂನಿಟ್, 40ರಂತೆ 5600. ಯೂನಿಟ್ ಜಾಸ್ತಿ, ದುಡ್ಡು ಕಡಿಮೆ. ಅಗ್ಗವಾದಾಗ ಹೆಚ್ಚು ಕೊಂಡದ್ದು ಉಪಯೋಗಕ್ಕೆ ಬರುವುದು ದರ ಮುಂದೆ ಏರಿದರೆ ಮಾತ್ರ. ಈ ಎರಡನೇ ಸಾಲನ್ನೂ ಅಚ್ಚು ಹಾಕಿ. ಹತ್ತು ಪದ ಜಾಸ್ತಿ ಆಗಬಹುದು, ಅಷ್ಟೇ ಅಲ್ವಾ?

ಈಗ ಚಕ್ರಬಡ್ಡಿಗೆ ಬರುತ್ತೇನೆ, ನನ್ನ ನಿಜವಾದ ಜಗಳ ಅದರ ಜೊತೆ.

ಸೊಸೈಟಿಯಲ್ಲಿ ಒಂದು ಲಕ್ಷ ಇಟ್ಟು ನೂರಕ್ಕೆ 8ರಂತೆ ಚಕ್ರಬಡ್ಡಿ ಎಂದರೆ ಮೊದಲ ವರ್ಷ 1,08,000, ಎರಡನೇ ವರ್ಷ 1,16,640. ದರ ಮೊದಲೇ ಹೇಳಿರುತ್ತಾರೆ. ಸೇರಿದ ಬಡ್ಡಿ ಅಸಲಾಗುತ್ತದೆ, ಮತ್ತೆ ಹಿಂದೆ ಹೋಗುವುದಿಲ್ಲ. ಫಂಡಿನಲ್ಲಿ ಇದು ಯಾವುದೂ ಇಲ್ಲ. ಯಾರೂ ಬಡ್ಡಿ ಹಾಕುವುದಿಲ್ಲ. ಲಾಭವನ್ನು ನಮಗೆ ಹಂಚದೆ ಫಂಡಿನಲ್ಲೇ ಬಿಡುವ ಗ್ರೋತ್ ಆಯ್ಕೆಯಲ್ಲಿ ನಮ್ಮ 130 ಯೂನಿಟ್ 130 ಆಗಿಯೇ ಉಳಿಯುತ್ತದೆ. ಬೆಳೆಯುವುದು, ಇಳಿಯುವುದು ಎಲ್ಲ ದರ. ಒಳಗೆ ನಡೆಯುವುದು ಇಷ್ಟು: ಕಂಪನಿಗಳು ಲಾಭದ ಒಂದು ಭಾಗವನ್ನು ಹಂಚದೆ ವ್ಯಾಪಾರಕ್ಕೇ ಹಾಕುತ್ತವೆ. ಹಂಚಿದ ಡಿವಿಡೆಂಡ್ ಫಂಡಿನ ರಾಶಿಗೆ ಸೇರುತ್ತದೆ, ಅದರಿಂದ ಮತ್ತೆ ಷೇರು ಕೊಳ್ಳುತ್ತಾರೆ. ಫಸಲಿನ ದುಡ್ಡಿನಲ್ಲಿ ಹೊಸ ಅಡಿಕೆ ಸಸಿ ಹಾಕಿದ ಹಾಗೆ. ಆ ಸಸಿಯೂ ಫಲ ಕೊಡಲು ಶುರು ಮಾಡಿದರೆ ಮುಂದಿನ ಫಸಲು ಇನ್ನೂ ದೊಡ್ಡದು. ಕೊಳೆ ಬಂದ ವರ್ಷ ಹಳೆ ಮರ, ಹೊಸ ಮರ ಎರಡರದ್ದೂ ಉದುರುತ್ತದೆ. ಚಕ್ರಬಡ್ಡಿಗೆ ಕೊಳೆ ರೋಗ ಬರುವುದಿಲ್ಲ. ಪದದ ತೊಂದರೆ ಅಲ್ಲಿದೆ.

ದರದ ಲೆಕ್ಕದಲ್ಲೇ ನೋಡಿ. ಯೂನಿಟ್ಟಿಗೆ 50 ರೂಪಾಯಿ ಇದ್ದದ್ದು ಮೊದಲ ವರ್ಷ ನೂರಕ್ಕೆ 30 ಏರಿ 65 ಆಯಿತು. ಎರಡನೇ ವರ್ಷ ನೂರಕ್ಕೆ 20 ಇಳಿದು 52 ಆಯಿತು. ಮೂರನೇ ವರ್ಷ ನೂರಕ್ಕೆ 26 ಏರಿ 65.52 ಆಯಿತು. ಮೂವತ್ತರಲ್ಲಿ ಇಪ್ಪತ್ತು ಕಳೆದು ಇಪ್ಪತ್ತಾರು ಕೂಡಿಸಿ ಮೂರರಿಂದ ಭಾಗಿಸಿದರೆ 12. ‘ಸರಾಸರಿ ನೂರಕ್ಕೆ 12’ ಎನ್ನಲು ಅಡ್ಡಿಯಿಲ್ಲ. ಆದರೆ ನಿಜವಾಗಿ ಮೂರು ವರ್ಷವೂ ನೂರಕ್ಕೆ 12 ಏರಿದ್ದರೆ 50 ಹೋಗಿ 70.25 ಆಗಬೇಕಿತ್ತು. 65.52 ಆಗಲು ವರ್ಷಕ್ಕೆ ಸಮನಾಗಿ ಬೇಕಾದದ್ದು ನೂರಕ್ಕೆ 9.43. ಕೈಪಿಡಿಯಲ್ಲಿ ಸಿಎಜಿಆರ್ ಅಂತ ಇರುವುದು ಈ 9.43. ನಾನು ಅದಕ್ಕೆ ‘ಸರಾಸರಿ ವಾರ್ಷಿಕ ಲಾಭ’ ಅಂತ ಬರೆದಿದ್ದೆ. ತಪ್ಪು. ಈಗ ಬರೆಯುವುದಾದರೆ ‘ಏರಿಳಿತ ಎಲ್ಲ ಸೇರಿದ ಮೇಲೆ ವರ್ಷಕ್ಕೆ ಬಿದ್ದ ಬೆಳವಣಿಗೆ’ ಎನ್ನುತ್ತೇನೆ. ಉದ್ದವಾಯಿತು, ನಿಜ.

ಇಲ್ಲಿ ಕೂಡುವ ಲೆಕ್ಕವಿಲ್ಲ, ಗುಣಿಸುವ ಲೆಕ್ಕ. ಗುಣಿಸುವ ಲೆಕ್ಕದಲ್ಲಿ ಇಳಿತದ ಏಟು ಜೋರು. ನೂರಕ್ಕೆ 20 ಇಳಿದದ್ದು ಮೊದಲಿನ ಜಾಗಕ್ಕೆ ಬರಲು ನೂರಕ್ಕೆ 25 ಏರಬೇಕು. ಅರ್ಧ ಇಳಿದರೆ ದುಪ್ಪಟ್ಟಾಗಬೇಕು. 2008ರ ಜನವರಿಯಲ್ಲಿ ಸೆನ್ಸೆಕ್ಸ್ 21 ಸಾವಿರದ ಹತ್ತಿರ ಇತ್ತು. 2009ರ ಮಾರ್ಚ್‌ನಲ್ಲಿ 8 ಸಾವಿರದ ಚಿಲ್ಲರೆಗೆ ಬಂತು. ಅಲ್ಲಿಂದ ಹಳೆಯ ಜಾಗಕ್ಕೆ ಹೋಗಲು ಎರಡೂವರೆ ಪಟ್ಟು ಆಗಬೇಕಿತ್ತು. ಆಯಿತು, ಆದರೆ ಕಾಯಬೇಕಾಯಿತು.

ಹೀಗೆಂದು ಬೆಳವಣಿಗೆಯೇ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಪುಟ 5ರಲ್ಲಿ ನೀವು ಕೊಟ್ಟ ಉದಾಹರಣೆಯನ್ನೇ ತೆಗೆದುಕೊಳ್ಳಿ: ತಿಂಗಳಿಗೆ 5000, 20 ವರ್ಷ, ವರ್ಷಕ್ಕೆ ನೂರಕ್ಕೆ 12 ಎಂಬ ಊಹೆ. ಕೊಟ್ಟದ್ದು 12 ಲಕ್ಷ, ಕೊನೆಗೆ 49.96 ಲಕ್ಷ. ಇದನ್ನು ಕಂಪ್ಯೂಟರಿನ ಎಕ್ಸೆಲ್ ಹಾಳೆಯಲ್ಲಿ, ಕೊನೆಗೆ ಎಷ್ಟಾಗುತ್ತದೆ ಎಂದು ಹೇಳುವ FV ಸೂತ್ರ ಹಾಕಿ ನೋಡಿದೆ. ನೀವು ಮಾಡಿದ್ದು ಹೀಗೆ:

```
=FV(1%,240,-5000,0,1)
```

ಹನ್ನೆರಡನ್ನು ಹನ್ನೆರಡು ತಿಂಗಳಿಗೆ ಹಂಚಿ ತಿಂಗಳಿಗೆ ನೂರಕ್ಕೆ 1 ಅಂತ ಹಿಡಿದಿದ್ದೀರಿ. ತಿಂಗಳಿಗೆ ನೂರಕ್ಕೆ 1ರಂತೆ ಬೆಳೆಯುತ್ತ ಹೋದರೆ ವರ್ಷಕ್ಕೆ 12 ಆಗುವುದಿಲ್ಲ, 12.68 ಆಗುತ್ತದೆ. ಫಂಡು ವರ್ಷಕ್ಕೆ 12 ಬೆಳೆದರೆ ಎಂದು ಬರೆದ ಮೇಲೆ ಲೆಕ್ಕ ಹೀಗಿರಬೇಕು:

```
=FV(1.12^(1/12)-1,240,-5000,0,1)
```

ಉತ್ತರ 45.99 ಲಕ್ಷ. ನಾಲ್ಕು ಲಕ್ಷದ ವ್ಯತ್ಯಾಸ. ಎಷ್ಟೋ ಎಸ್‌ಐಪಿ ಲೆಕ್ಕಯಂತ್ರಗಳೂ ಮೊದಲ ದಾರಿಯನ್ನೇ ಹಿಡಿಯುತ್ತವೆ. ಇದು ಅನುವಾದಕನ ಕೆಲಸವಲ್ಲ, ಗೊತ್ತು. ಆದರೂ ಕರಡು ತಿದ್ದುವವನ ಕಣ್ಣು ಅಲ್ಲಿಗೆ ಹೋಗುತ್ತದೆ.

ಆ 46 ಲಕ್ಷ ಎಲ್ಲಿಂದ ಬಂತು ಅಂತ ಬಿಡಿಸಿದರೆ ಕತೆ ಚಂದ ಇದೆ. ಮೊದಲ ಹತ್ತು ವರ್ಷ ಕೊಟ್ಟ 6 ಲಕ್ಷ ಹತ್ತನೇ ವರ್ಷದ ಕೊನೆಗೆ 11.2 ಲಕ್ಷ ಆಗಿರುತ್ತದೆ. ದುಪ್ಪಟ್ಟೂ ಇಲ್ಲ. ಇಲ್ಲಿಗೆ ನೋಡಿದವರು ‘ಎಂತ ದೊಡ್ಡ ಬೆಳವಣಿಗೆ’ ಅಂತ ಮೂಗು ಮುರಿಯುತ್ತಾರೆ. ಆ 11.2 ಲಕ್ಷವೇ ಮುಂದಿನ ಹತ್ತು ವರ್ಷ ಸುಮ್ನೆ ಬಿದ್ದಿದ್ದು 34.8 ಲಕ್ಷ ಆಗುತ್ತದೆ. ಎರಡನೇ ಹತ್ತು ವರ್ಷ ಕೊಟ್ಟ 6 ಲಕ್ಷದ ಪಾಲು ಮತ್ತೆ 11.2 ಲಕ್ಷವೇ. ಅಂದರೆ 46ರಲ್ಲಿ ಮುಕ್ಕಾಲು ಪಾಲು ದುಡಿದದ್ದು ಹಳೆಯ ಕಂತುಗಳು. ಈ ಒಂದು ಸಂಗತಿ ಹೇಳಿದರೆ ಬೆಳವಣಿಗೆ ಹೇಗೆ ನಡೆಯುತ್ತದೆ ಅಂತ ಶಿರಸಿ ಪೇಟೆಯಲ್ಲಿ ಯಾರಿಗಾದರೂ ಗೊತ್ತಾಗುತ್ತದೆ. ಅದರ ಇನ್ನೊಂದು ಮುಖವನ್ನೂ ಅಲ್ಲೇ ಹೇಳಬೇಕು. ಇಪ್ಪತ್ತನೇ ವರ್ಷ ಮುಗಿಯುವ ಹೊತ್ತಿಗೆ ದರ ನೂರಕ್ಕೆ 30 ಇಳಿದರೆ ಇಳಿಯುವುದು ಆ ವರ್ಷದ ಕಂತಷ್ಟೇ ಅಲ್ಲ, ಇಡೀ ರಾಶಿ. 46 ಹೋಗಿ 32 ಲಕ್ಷ. ಅದೇ ವರ್ಷ ಮಗಳ ಮದುವೆ ಇದ್ದರೆ?

ಹಾಗಾದರೆ ಚಕ್ರಬಡ್ಡಿಯ ಜಾಗಕ್ಕೆ ಏನು? ‘ಬೆಳೆದದ್ದರ ಮೇಲೆ ಬೆಳವಣಿಗೆ’ ಎಂಬುದು ನನ್ನ ಸಲಹೆ. ‘ದುಡ್ಡು ಮರಿ ಹಾಕುತ್ತದೆ’ ಎನ್ನುವ ಮಾತು ನಮ್ಮಲ್ಲಿದೆ, ಕೇಳಲು ಖುಷಿ, ಆದರೆ ಮರಿ ಸಾಯುವುದನ್ನು ಅದು ಹೇಳುವುದಿಲ್ಲ.

ಉಳಿದ ಪದಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯೂನಿಟ್ ಮಾರಿ ದುಡ್ಡು ಪಡೆಯುವುದಕ್ಕೆ ‘ವಿಮೋಚನೆ’ ಅಂತ ಇತ್ತು. ವಿಮೋಚನೆ ಬೇಕಾದರೆ ನಾವು ಗೋಕರ್ಣಕ್ಕೆ ಹೋಗುತ್ತೇವೆ. ‘ಮಾರಿ ಹಣ ಪಡೆಯುವುದು’ ಅಂದರೆ ಏನು ಕಡಿಮೆ? ‘ನಿರ್ಗಮನ ಹೊರೆ’ ಎನ್ನುವುದನ್ನು ಚಿಕ್ಕಿ ಎರಡು ಸಲ ಓದಿ ಸೊಪ್ಪಿನ ಹೊರೆ ನೆನಪಾಯಿತು ಅಂದಳು. ‘ಒಂದು ವರ್ಷದೊಳಗೆ ಮಾರಿದರೆ ನೂರಕ್ಕೆ 1 ಮುರಿದುಕೊಳ್ಳುತ್ತಾರೆ’ ಎಂದರೆ ಮುಗಿಯಿತು. ಮುರಿದುಕೊಳ್ಳುವುದು ಅಂದರೆ ಏನೆಂದು ಅಡಿಕೆ ಬೆಳೆಗಾರರಿಗೆ ಯಾರೂ ಕಲಿಸಬೇಕಾಗಿಲ್ಲ.

ನಿಮ್ಮಲ್ಲಿ ನನ್ನ ಬೇಡಿಕೆ ಎರಡೇ. ಒಂದು, ಪದಪಟ್ಟಿಯನ್ನು ಬೀಗ ಹಾಕಿ ಕಳಿಸಬೇಡಿ. ಅಚ್ಚಿಗೆ ಮೊದಲು ಪುಟ 5ನ್ನು ಒಬ್ಬ ಬೆಳೆಗಾರರಿಗೆ, ಕಾರವಾರದ ಮೀನು ಮಾರುಕಟ್ಟೆಯ ಒಬ್ಬರಿಗೆ ಓದಲು ಕೊಡಿ, ಅವರು ತಮ್ಮ ಮಾತಿನಲ್ಲಿ ತಿರುಗಿ ಹೇಳಲಿ. ಬಡ್ಡಿ ಎಂಬ ಪದ ಅವರ ಬಾಯಿಂದ ಬಂದರೆ ಪುಟ ಇನ್ನೂ ಸರಿಯಾಗಿಲ್ಲ. ಎರಡು, ಬೆಳವಣಿಗೆಯ ಪಟ್ಟಿಯಲ್ಲಿ ಒಂದಾದರೂ ಇಳಿದ ವರ್ಷ ಇರಲಿ. ‘ಮಾರುಕಟ್ಟೆ ಅಪಾಯಗಳಿಗೆ ಒಳಪಟ್ಟಿವೆ’ ಎಂಬ ಸಾಲನ್ನು ಎಲ್ಲರೂ ಟಿವಿಯಲ್ಲಿ ಕೇಳಿ ಕೇಳಿ ಸುಪ್ರಭಾತದ ಹಾಗೆ ಆಗಿದೆ. 50, 65, 52 ಅಂತ ಅಂಕಿ ಕಂಡರೆ ಕಣ್ಣು ನಿಲ್ಲುತ್ತದೆ.

ಬರೀ ದೂರಿದರೆ ಆಗುವುದಿಲ್ಲ ಅಂತ ಆ ಪುಟವನ್ನು ನಾನೇ ಮತ್ತೆ ಬರೆದಿದ್ದೇನೆ. ಅದರ ಶುರು ಹೀಗಿದೆ:

‘ನೀವು ತಿಂಗಳಿಗೆ ಇಷ್ಟು ರೂಪಾಯಿಗೆ ಯೂನಿಟ್ ಕೊಳ್ಳುತ್ತೀರಿ. ಯೂನಿಟ್ಟಿನ ದರ ದಿನವೂ ಬದಲಾಗುತ್ತದೆ. ದರ ಕಡಿಮೆ ಇದ್ದ ದಿನ ಹೆಚ್ಚು ಯೂನಿಟ್, ಹೆಚ್ಚು ಇದ್ದ ದಿನ ಕಡಿಮೆ ಯೂನಿಟ್ ಸಿಗುತ್ತದೆ. ಇದಕ್ಕೆ ಬಡ್ಡಿ ಇಲ್ಲ. ನಿಮ್ಮ ಯೂನಿಟ್ಟನ್ನು ಆ ದಿನದ ದರದಿಂದ ಗುಣಿಸಿದರೆ ಬರುವುದು ಆ ದಿನದ ನಿಮ್ಮ ಹಣ. ದರ ಏರಿದರೆ ಮುಂದಿನ ಏರಿಕೆ ಏರಿದ ದರದ ಮೇಲೆ. ಇಳಿದರೆ ಕೊಟ್ಟದ್ದಕ್ಕಿಂತ ಕಡಿಮೆಯೂ ಆಗಬಹುದು.’

ಚಿಕ್ಕಿಗೆ ಓದಲು ಕೊಟ್ಟೆ. ಕನ್ನಡಕ ಹಾಕಿಕೊಂಡು ನಿಧಾನ ಓದಿದಳು. ಗೋದಾಮಿನ ಬಾಡಿಗೆ, ಆಳಿನ ಕೂಲಿ ಅಂದೆಯಲ್ಲ, ಅದು ಇಲ್ಲಿ ಎಷ್ಟು ಅಂತ ಕೇಳಿದಳು. ವರ್ಷಕ್ಕೆ ನೂರಕ್ಕೆ 2 ಅಂದುಕೊಂಡರೆ ಹತ್ತು ಸಾವಿರಕ್ಕೆ 200 ಆಗುತ್ತದೆ, ದಿನಕ್ಕೆ ಸುಮಾರು 55 ಪೈಸೆ, ಬೇರೆಯಾಗಿ ಬಿಲ್ಲು ಬರುವುದಿಲ್ಲ, ದರ ಹೇಳುವ ಮೊದಲೇ ಕಳೆದಿರುತ್ತಾರೆ ಅಂದೆ.

‘ನನಗೆ ನಷ್ಟ ಆದ ವರ್ಷವೂ ಹಿಡಿತಾರಾ?’

ಹೌದು, ಹಿಡಿತಾರೆ ಅಂದೆ.

‘ಮತ್ತೆ ಅದನ್ನೂ ಬರಿ ತಮಾ.’

ಬರೆದಿದ್ದೇನೆ. ತಿದ್ದಿದ ಪುಟ ನನ್ನ ಹತ್ತಿರ ಇದೆ. ಬೇಕಾದರೆ ಕೇಳಿ, ದುಡ್ಡು ಬೇಡ.

ಇಂತಿ,
ಶಿರಸಿಯ ಒಬ್ಬ ಕರಡು ತಿದ್ದುವವ